ಯಾರೂ ರೇಟಿಂಗ್ ಕೊಡದ ಸಿನಿಮಾವನ್ನು ಶಿಫಾರಸು ಮಾಡುವುದು ಹೇಗೆ?

ಕ್ಲಾಸ್ ಪ್ರಾಜೆಕ್ಟಿಗೆ ನಾನು ಆರಿಸಿಕೊಂಡದ್ದು ಮಿನ್ನೆಸೋಟ ವಿಶ್ವವಿದ್ಯಾಲಯದ ಗ್ರೂಪ್‌ಲೆನ್ಸ್ ತಂಡ ಕೊಡುವ MovieLens 100K ಡೇಟಾ. ಅದರಲ್ಲಿ 943 ಜನ, 1682 ಸಿನಿಮಾ, 1 ಲಕ್ಷ ರೇಟಿಂಗ್ ಇವೆ.

ಕೊಲಾಬರೇಟಿವ್, ಕಂಟೆಂಟ್ ಆಧಾರಿತ ಅನ್ನುವ ಎರಡು ಶಿಫಾರಸು ವಿಧಾನಗಳನ್ನು ಹೋಲಿಸಿದೆ, ಎರಡಕ್ಕೂ ಒಂದೇ ಸೂತ್ರ ಇಟ್ಟುಕೊಂಡೆ. ಒಬ್ಬರು ಈ ಸಿನಿಮಾಕ್ಕೆ ಎಷ್ಟು ಕೊಡಬಹುದು ಅಂತ ತಿಳಿಯಲು, ಇದನ್ನು ಹೋಲುವ ಸಿನಿಮಾಗಳಿಗೆ ಅವರು ಕೊಟ್ಟ ರೇಟಿಂಗ್‌ಗಳ ತೂಕದ ಸರಾಸರಿ ತೆಗೆಯುವುದು. ಹೋಲಿಕೆ ಎಲ್ಲಿಂದ ಬರುತ್ತದೆ ಅನ್ನುವುದೊಂದೇ ವ್ಯತ್ಯಾಸ. ಕೊಲಾಬರೇಟಿವ್‌ನಲ್ಲಿ ಜನರ ರೇಟಿಂಗ್‌ನಿಂದ, ಕಂಟೆಂಟ್ ಆಧಾರಿತದಲ್ಲಿ u.item ಫೈಲಿನಲ್ಲಿರುವ ಆಕ್ಷನ್, ಡ್ರಾಮಾದಂಥ 19 ಪ್ರಕಾರಗಳಿಂದ.

ಸುಮ್ನೆ 80-20 ಅಂತ ಡೇಟಾ ಒಡೆದರೆ ಕೋಲ್ಡ್ ಸ್ಟಾರ್ಟ್, ಅಂದರೆ ರೇಟಿಂಗೇ ಇಲ್ಲದ ಹೊಸದರ ಸಮಸ್ಯೆ, ಕಣ್ಣಿಗೇ ಬೀಳುವುದಿಲ್ಲ. ಇಲ್ಲಿ ಪ್ರತಿಯೊಬ್ಬರೂ ಕನಿಷ್ಠ 20 ರೇಟಿಂಗ್ ಕೊಟ್ಟವರು. ಹಾಗಾಗಿ ಟ್ರೇನಿಂಗ್ ಭಾಗದಲ್ಲಿ ಎಲ್ಲರ ಗುರುತೂ, ಹೆಚ್ಚಿನ ಸಿನಿಮಾಗಳ ಗುರುತೂ ಇರುತ್ತದೆ, ಕೊಲಾಬರೇಟಿವ್ ಆರಾಮಾಗಿ ಗೆಲ್ಲುತ್ತದೆ. ಸಿನಿಮಾಗಳನ್ನೇ ಪೂರ್ತಿ ಬಚ್ಚಿಡಬೇಕು:

```python
cold = rng.choice(items, 168, replace=False)
train = df[~df.item_id.isin(cold)]
test = df[df.item_id.isin(cold)]
```

ಮೊದಲು ಕೈಲೆಕ್ಕಕ್ಕೆ ಸ್ಟಾರ್ ವಾರ್ಸ್ ಒಂದನ್ನೇ ಮರೆಮಾಡಿದೆ. ಅದರ 583 ರೇಟಿಂಗ್ ತೆಗೆದರೆ ಕಾಲಂ ಖಾಲಿ. ಹೋಲಿಕೆ ಅಳೆಯುವ ಕೊಸೈನ್ ಲೆಕ್ಕ ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿ nan ಕೊಡುತ್ತದೆ. ಕೆಲವು ಲೈಬ್ರರಿಗಳು ಇದನ್ನು 0 ಮಾಡಿಬಿಡುತ್ತವೆ. ಆಗ ದೋಷ ಗೊತ್ತಾಗುವುದೇ ಇಲ್ಲ, ಇದು ಜಾಸ್ತಿ ಅಪಾಯ.

ಕಂಟೆಂಟ್ ವಿಧಾನಕ್ಕೆ ಈ ತೊಂದರೆಯಿಲ್ಲ. ಸ್ಟಾರ್ ವಾರ್ಸ್‌ಗೆ ಐದು ಪ್ರಕಾರಗಳಿವೆ, ರಿಟರ್ನ್ ಆಫ್ ದ ಜೆಡೈ ಚಿತ್ರಕ್ಕೂ ಅವೇ ಐದು ಇರುವುದರಿಂದ ಹೋಲಿಕೆ 1. ಎಂಪೈರ್ ಸ್ಟ್ರೈಕ್ಸ್ ಬ್ಯಾಕ್ ಚಿತ್ರಕ್ಕೆ ಡ್ರಾಮಾ ಒಂದು ಹೆಚ್ಚು, ಹಾಗಾಗಿ 5/√30, ಅಂದರೆ 0.91. ಇವೆರಡಕ್ಕೆ 5 ಮತ್ತು 4 ಕೊಟ್ಟವರಿಗೆ ಅಂದಾಜು ಸುಮಾರು 4.5 ಬರುತ್ತದೆ. ಚೆನ್ನಾಗಿದೆ, ಅಲ್ವಾ? ಆದರೆ ಬರೀ ಡ್ರಾಮಾ ಅಂತ ಗುರುತು ಹಾಕಿದ ಸಿನಿಮಾಗಳು ಈ ಡೇಟಾದಲ್ಲಿ ರಾಶಿ ಇವೆ. ಅವೆಲ್ಲದರ ನಡುವೆ ಹೋಲಿಕೆ 1 ಆಗಿಬಿಡುತ್ತದೆ. ಒಳ್ಳೆಯದು, ಕೆಟ್ಟದ್ದು ಅನ್ನುವುದು ಅದಕ್ಕೆ ತಿಳಿಯುವುದೇ ಇಲ್ಲ.

ಅದಕ್ಕೇ ಎರಡನ್ನೂ ಬೆರೆಸಿದೆ. ಸಿನಿಮಾಕ್ಕೆ ಟ್ರೇನಿಂಗ್‌ನಲ್ಲಿ n ರೇಟಿಂಗ್ ಇದ್ದರೆ ಕೊಲಾಬರೇಟಿವ್‌ಗೆ n/(n+10) ತೂಕ, ಉಳಿದದ್ದು ಕಂಟೆಂಟ್‌ಗೆ. n ಸೊನ್ನೆಯಾದರೆ ಕೊಲಾಬರೇಟಿವ್‌ನ nan ಅನ್ನು ಗುಣಿಸದೆ ಬಿಟ್ಟು ಪೂರ್ತಿ ಕಂಟೆಂಟ್, 10 ಆದರೆ ಅರ್ಧರ್ಧ, 40 ಆದರೆ ಕೊಲಾಬರೇಟಿವ್‌ಗೆ 0.8. ಈ 10 ಅನ್ನುವುದು ನಾನು ಇಟ್ಟ ಸಂಖ್ಯೆ. ವ್ಯಾಲಿಡೇಶನ್‌ನಲ್ಲಿ ಬೇರೆ ಸಂಖ್ಯೆಗಳನ್ನೂ ಹಾಕಿ ನೋಡಬೇಕು.

ಸಿನಿಮಾದ ಬದಲು ಪ್ರೇಕ್ಷಕರೇ ಹೊಸಬರಾದರೆ ಈ ಬೆರಕೆಯೂ ಕೈಕೊಡುತ್ತದೆ. ಅವರು ಏನನ್ನೂ ರೇಟ್ ಮಾಡಿಲ್ಲ, ಸರಾಸರಿ ತೆಗೆಯಲು ಏನೂ ಇಲ್ಲ. ಅಂಥವರಿಗೆ ನಾನು ಮೊದಲು ಜನಪ್ರಿಯ ಪಟ್ಟಿ ತೋರಿಸಿ ಕೆಲವಕ್ಕೆ ರೇಟಿಂಗ್ ಕೇಳಿದೆ. ಪಟ್ಟಿಯನ್ನು ಸರಾಸರಿಯಿಂದ ಜೋಡಿಸಬೇಡಿ. ಒಬ್ಬರೇ ನೋಡಿ 5 ಕೊಟ್ಟ ಸಿನಿಮಾ ಮೇಲೆ ಬಂದು ಕೂರುತ್ತದೆ. ಎಷ್ಟು ಜನ ರೇಟ್ ಮಾಡಿದ್ದಾರೆ ಅನ್ನುವುದರ ಮೇಲೆ ಜೋಡಿಸಿ.