ಯಾತ್ರೆಗೆ ಹೊಸ ಚಪ್ಪಲಿ ಬೇಡ

ದೇವಸ್ಥಾನಗಳ ಯಾತ್ರೆಗೆ ಹೊರಡುವವರು ದಯವಿಟ್ಟು ಹೊಸ ಚಪ್ಪಲಿ ಹಾಕಿಕೊಂಡು ಹೋಗಬೇಡಿ. ನಾನು ಒಮ್ಮೆ ಹಾಗೆ ಮಾಡಿ, ಮಧ್ಯಾಹ್ನದ ಹೊತ್ತಿಗೇ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದು, ಉಳಿದ ದಾರಿಯನ್ನು ಕುಂಟುತ್ತಾ ನಡೆದೆ.

ಎರಡು ವಾರ ಮೊದಲೇ ಕೊಂಡು, ದಿನಾ ಸ್ವಲ್ಪ ಹೊತ್ತು ಹಾಕಿ ನಡೆಯಿರಿ. ಕೊಳ್ಳುವಾಗ ಸಂಜೆ ಹೋಗಿ. ನಡೆದು ನಡೆದು ಪಾದ ಊದಿರುತ್ತದೆ, ಆಗ ಸರಿಹೋದ ಅಳತೆಯೇ ಯಾತ್ರೆಯಲ್ಲೂ ಸರಿಹೋಗುತ್ತದೆ. ಹಿಂದೆ ಪಟ್ಟಿ ಇರುವ ಸ್ಯಾಂಡಲ್ ನನಗೆ ಇಷ್ಟ. ಬರೀ ಹವಾಯಿ ಚಪ್ಪಲಿಯಲ್ಲಿ ಬೆರಳುಗಳು ಸುಮ್ನೆ ಬಿಗಿಹಿಡಿದು ದಣಿಯುತ್ತವೆ. ಶೂಗಳನ್ನು ಪ್ರತಿ ದೇವಸ್ಥಾನದಲ್ಲೂ ಬಿಚ್ಚಿ ಕಟ್ಟುವುದು ಕಷ್ಟ, ಅಲ್ವಾ?

ಇನ್ನೊಂದು ಮುಖ್ಯ ವಿಷಯ. ಪಾದದಲ್ಲಿ ಎಲ್ಲಾದರೂ ಉರಿ ಶುರುವಾದರೆ, ಮುಂದಿನ ನಿಲ್ದಾಣದವರೆಗೆ ಕಾಯಬೇಡಿ. ಅದು ಬೊಬ್ಬೆ ಏಳುವ ಮುಂಚಿನ ಸೂಚನೆ. ಅಲ್ಲೇ ಕುಳಿತು, ಒರೆಸಿ ಒಣಗಿಸಿ, ಆ ಜಾಗಕ್ಕೆ ಮೆಡಿಕಲ್ ಟೇಪ್ ಅಂಟಿಸಿ. ಪ್ರಾಕಾರದಲ್ಲಿ ಕಾಲು ಒದ್ದೆಯಾಗಿದ್ದರೆ, ಒರೆಸಿದ ಮೇಲೆಯೇ ಚಪ್ಪಲಿ ಮೆಟ್ಟಿ. ಒದ್ದೆ ಚರ್ಮ ಬೇಗ ಉಜ್ಜಿ ಸುಲಿಯುತ್ತದೆ. ಅದಕ್ಕೇ ಒಂದು ಚಿಕ್ಕ ಟವೆಲ್ ಇರಲಿ.

ಬಟ್ಟೆಯಲ್ಲಿ ತೆಳು ಹತ್ತಿಯ ಸಡಿಲ ಕುರ್ತಾ, ಸಲ್ವಾರ್ ಅಥವಾ ಪಂಚೆ ನೋಡಲೂ ಚೆನ್ನ. ಸೀರೆಯನ್ನು ಪಾದದ ಗಂಟಿಗಿಂತ ಸ್ವಲ್ಪ ಮೇಲೆ ಉಡಿ, ಮೆಟ್ಟಿಲಲ್ಲಿ ಎಡವುವುದಿಲ್ಲ. ನಡೆಯುವಾಗ ತೊಡೆಗಳು ಒಂದಕ್ಕೊಂದು ಉಜ್ಜಿಕೊಳ್ಳುವವರು ಒಳಗೆ ಮೊಣಕಾಲವರೆಗಿನ ಬಿಗಿ ಚಡ್ಡಿ ಹಾಕಿಕೊಳ್ಳಿ. ಕೆಲವು ದೇವಸ್ಥಾನಗಳಲ್ಲಿ ಗಂಡಸರು ಅಂಗಿ ತೆಗೆಯಬೇಕಾಗುತ್ತದೆ. ಅಲ್ಲಿಗೆ ಶಲ್ಯವೂ ಇರಲಿ.