ಒಂದೇ ಭಿನ್ನರಾಶಿ ಹಾಳೆ, ಇಬ್ಬರು ಮಕ್ಕಳು: ಹೊಂದಿಸುವುದು ಹೇಗೆ?

ಐದನೇ ತರಗತಿಯ ಒಂದು ಅಭ್ಯಾಸ ಹಾಳೆ. ಅದರಲ್ಲಿ 12 ಜೋಡಿ ಭಿನ್ನರಾಶಿಗಳಿವೆ. ಪ್ರತಿ ಜೋಡಿಯಲ್ಲಿ ಯಾವುದು ದೊಡ್ಡದು ಎಂದು ನೋಡಿ ನಡುವೆ > ಅಥವಾ < ಹಾಕಬೇಕು. ತರಗತಿಯಲ್ಲಿ ಒಬ್ಬಳಿಗೆ ಡಿಸ್ಕಾಲ್ಕುಲಿಯಾ ಇದೆ. ಅಂದರೆ ಸಂಖ್ಯೆ ಮತ್ತು ಪ್ರಮಾಣ ಅವಳ ತಲೆಯಲ್ಲಿ ಸುಲಭಕ್ಕೆ ಕೂರುವುದಿಲ್ಲ. ಬುದ್ಧಿ ಕಡಿಮೆ ಅಂತಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲೂ ಕಲಿಕಾ ನ್ಯೂನತೆಗಳ ಸಾಲಿನಲ್ಲಿ ಇದರ ಹೆಸರಿದೆ. ಇನ್ನೊಬ್ಬ ಹುಡುಗ ಹಾಳೆ ಕೈಗೆ ಕೊಟ್ಟ ಸ್ವಲ್ಪ ಹೊತ್ತಿಗೆಲ್ಲ "ಮಿಸ್, ಆಯ್ತು" ಅನ್ನುತ್ತಾನೆ.

ಇಬ್ಬರಿಗೂ ಬೇರೆ ಬೇರೆ ಪಾಠ ತಯಾರಿಸಬೇಕಿಲ್ಲ. ಈ ಹಾಳೆ ಕಲಿಸಬೇಕಾದದ್ದು ಒಂದೇ ಮಾತು: ಭಿನ್ನರಾಶಿಯ ಗಾತ್ರ ಮೇಲಿನ ಅಂಕಿ, ಕೆಳಗಿನ ಅಂಕಿ ಎರಡೂ ಸೇರಿ ತೀರ್ಮಾನವಾಗುತ್ತದೆ. ಅದನ್ನು ಬಿಟ್ಟು ಉಳಿದದ್ದೆಲ್ಲ ಬದಲಾಗಬಹುದು.

ಮೊದಲು ಜೋಡಿಗಳನ್ನು ಆರಿಸಿ

ಹನ್ನೆರಡರಲ್ಲಿ ನಾಲ್ಕನ್ನು ಇಟ್ಟುಕೊಳ್ಳಿ. ನನ್ನ ಆಯ್ಕೆ ಇವು: 3/8 ಮತ್ತು 5/8, 1/4 ಮತ್ತು 1/8, 3/4 ಮತ್ತು 3/8, ಕೊನೆಗೆ 1/4 ಮತ್ತು 3/8.

ಈ ಕ್ರಮ ಸುಮ್ನೆ ಇಟ್ಟದ್ದಲ್ಲ. ಮೊದಲನೆಯದರಲ್ಲಿ ಮೇಲಿನ ಅಂಕಿ ನೋಡಿದರೆ ಸಾಕು. ಎರಡನೆಯದರಲ್ಲಿ "ಎಂಟು ದೊಡ್ಡದು, ಹಾಗಾಗಿ 1/8 ದೊಡ್ಡದು" ಎಂದು ಮಗು ಜಾರುತ್ತದೆ. ಇದು ಡಿಸ್ಕಾಲ್ಕುಲಿಯಾದ ಗುರುತಲ್ಲ, ಭಿನ್ನರಾಶಿ ಹೊಸದಾಗಿ ಕಲಿಯುವ ಬಹಳಷ್ಟು ಮಕ್ಕಳು ಹೀಗೇ ಹೇಳುತ್ತಾರೆ. ಎರಡು, ಮೂರನೆಯದನ್ನು ಸರಿಮಾಡಿದ ಮಗು "ಕೆಳಗಿನದು ಚಿಕ್ಕದಿದ್ದರೆ ಅದೇ ದೊಡ್ಡದು" ಎಂಬ ತನ್ನದೇ ನಿಯಮ ಕಟ್ಟಿಕೊಳ್ಳಬಹುದು. ನಾಲ್ಕನೆಯ ಜೋಡಿ ಆ ನಿಯಮವನ್ನು ಮುರಿಯುತ್ತದೆ. ಯಾಕೆಂದರೆ 1/4 ಎಂದರೆ 2/8, ಅದು 3/8ಕ್ಕಿಂತ ಕಡಿಮೆ.

ಅವಳ ಹಾಳೆ

ಪುಟಕ್ಕೆ ಎರಡೇ ಜೋಡಿ, ದೊಡ್ಡ ಅಕ್ಷರದಲ್ಲಿ. ಭಿನ್ನರಾಶಿಯನ್ನು ಓರೆ ಗೆರೆಯಲ್ಲಿ ಬರೆಯಬೇಡಿ. ನಡುವೆ ಅಡ್ಡ ಗೆರೆ ಎಳೆದು ಒಂದರ ಕೆಳಗೆ ಒಂದು ಬರೆಯಿರಿ. > ಮತ್ತು < ತೆಗೆದುಬಿಡಿ. ಆ ಚಿಹ್ನೆ ಯಾವ ಕಡೆ ಬಾಯಿ ತೆರೆಯಬೇಕು ಅನ್ನುವುದೇ ಅವಳಿಗೆ ಇನ್ನೊಂದು ತಲೆನೋವು, ಇವತ್ತಿನ ಪಾಠಕ್ಕೆ ಅದು ಬೇಕಿಲ್ಲ. ದೊಡ್ಡದಕ್ಕೆ ಸುತ್ತು ಹಾಕಿದರೆ ಸಾಕು.

ಹಾಳೆಗಿಂತ ಮುಖ್ಯವಾದದ್ದು ಕಾಗದದ ಪಟ್ಟಿಗಳು. ಎ4 ಹಾಳೆಯ ಉದ್ದಕ್ಕೆ 24 ಸೆಂ.ಮೀ. ಉದ್ದ, 3 ಸೆಂ.ಮೀ. ಅಗಲದ ನಾಲ್ಕು ಪಟ್ಟಿ ಕತ್ತರಿಸಿ. ಒಂದನ್ನು ಹಾಗೇ ಬಿಡಿ, ಅದು ಪೂರ್ಣ. ಉಳಿದವನ್ನು ಅವಳೇ ಮಡಚಲಿ: ಒಂದು ಸಲ ಮಡಚಿದರೆ 2 ಭಾಗ, ಎರಡು ಸಲಕ್ಕೆ 4, ಮೂರು ಸಲಕ್ಕೆ 8. ಅಳತೆ 24 ಸೆಂ.ಮೀ. ಆದ್ದರಿಂದ ಭಾಗಗಳು 12, 6, 3 ಸೆಂ.ಮೀ. ಬರುತ್ತವೆ, ಮಡಿಕೆ ಓರೆಯಾದರೆ ಸ್ಕೇಲಿಟ್ಟು ತಿದ್ದಬಹುದು. ಮುಂದೆ 3 ಮತ್ತು 6 ಭಾಗ ಬೇಕಾದಾಗಲೂ ಇದೇ ಪಟ್ಟಿ ಒದಗುತ್ತದೆ.

ಮಡಿಕೆಯ ಮೇಲೆ ಕತ್ತರಿ ಹಾಕಬೇಡಿ. ತುಂಡಾದ ಕೂಡಲೇ ಎಂಟನೇ ಒಂದು ಭಾಗ ಅವಳ ಕಣ್ಣಿಗೆ ಬರೀ "ಒಂದು ತುಂಡು" ಆಗುತ್ತದೆ. ಪೂರ್ಣ ಯಾವುದು ಅನ್ನುವುದೇ ಮರೆಯಾಗುತ್ತದೆ. ಪಟ್ಟಿ ಇಡಿಯಾಗಿಯೇ ಇದ್ದು, ಬೇಕಾದಷ್ಟು ಭಾಗಕ್ಕೆ ಮಾತ್ರ ಬಣ್ಣ ಬಿದ್ದರೆ ಪೂರ್ಣವೂ ಭಾಗವೂ ಒಟ್ಟಿಗೇ ಕಾಣುತ್ತವೆ. ಇದೇ ಕಾರಣಕ್ಕೆ ನಾನು ದುಂಡಗಿನ ಚಿತ್ರಕ್ಕಿಂತ ಪಟ್ಟಿಯನ್ನೇ ಇಷ್ಟಪಡುತ್ತೇನೆ. ದುಂಡಗಿನದನ್ನು ಸಮನಾಗಿ ಎಂಟು ಮಾಡುವುದು ದೊಡ್ಡವರಿಗೇ ಕಷ್ಟ, ಅಲ್ವಾ?

ಈಗ ಕೊನೆಯ ಜೋಡಿಯನ್ನೇ ನೋಡೋಣ. ನಾಲ್ಕು ಭಾಗದ ಪಟ್ಟಿಯಲ್ಲಿ ಒಂದು ಭಾಗಕ್ಕೆ ಬಣ್ಣ. ಎಂಟರ ಪಟ್ಟಿಯಲ್ಲಿ ಮೂರಕ್ಕೆ ಬಣ್ಣ. ಎಡತುದಿ ಸರಿಯಾಗಿ ಹೊಂದುವಂತೆ ಒಂದರ ಕೆಳಗೆ ಒಂದು ಇಡಲಿ. ತುದಿ ಹೊಂದದಿದ್ದರೆ ಉತ್ತರವೂ ಹಳ್ಳ ಹಿಡಿಯುತ್ತದೆ. ಬಣ್ಣ ಎಲ್ಲಿಯವರೆಗೆ ಬಂತು ನೋಡಲಿ: ಮೇಲಿನದು 6 ಸೆಂ.ಮೀ., ಕೆಳಗಿನದು 9. ನಂತರ ಬೆರಳಿಟ್ಟು "ನಾಲ್ಕು ಭಾಗದಲ್ಲಿ ಒಂದು, ಎಂಟು ಭಾಗದಲ್ಲಿ ಮೂರು" ಎಂದು ಹೇಳಿ, ಎರಡನ್ನೂ ತನ್ನ ಕೈಯಿಂದ ಬರೆಯಲಿ. ಈ ಬರೆಯುವುದನ್ನು ಬಿಟ್ಟರೆ ಅವಳು ಉದ್ದ ಹೋಲಿಸಿದಳೇ ಹೊರತು ಭಿನ್ನರಾಶಿ ಕಲಿಯಲಿಲ್ಲ.

ಎರಡರಲ್ಲಿ ಒಂದು ಆರಿಸುವ ಪ್ರಶ್ನೆಯಲ್ಲಿ ಊಹಿಸಿದರೂ ಅರ್ಧದಷ್ಟು ಸಲ ಸರಿ ಬರುತ್ತದೆ. ಹಾಗಾಗಿ ಸುತ್ತು ಸರಿಯಿದ್ದರೂ "ಹೇಗೆ ಗೊತ್ತಾಯ್ತು, ತೋರಿಸು" ಎಂದು ಕೇಳಿ. ಪಟ್ಟಿ ತೋರಿಸಿದರೂ ಉತ್ತರವೇ. ಗಡಿಯಾರ ನೋಡಬೇಡಿ.

ಕೆಲವು ದಿನ ಕಳೆದ ಮೇಲೆ ಪಟ್ಟಿ ಬದಿಗಿಟ್ಟು, ಅವಳೇ ಪಟ್ಟಿಯ ಚಿತ್ರ ಬರೆದು ಉತ್ತರಿಸಲಿ. ಆಮೇಲೆ ಬರೀ ಅಂಕಿ. ಅರ್ಥವಾಗಿದೆಯೇ ಎಂದು ತಿಳಿಯಲು ಮಡಚದೇ ಇದ್ದ ಜೋಡಿ ಕೊಡಿ, ಉದಾಹರಣೆಗೆ 1/3 ಮತ್ತು 1/6. ತಪ್ಪಿದರೆ ಪಟ್ಟಿಗೆ ವಾಪಸ್. ಆದರೆ 3 ಮತ್ತು 5ರಲ್ಲಿ ಯಾವುದು ಜಾಸ್ತಿ ಎಂಬಲ್ಲೇ ಅವಳು ತಡವರಿಸುತ್ತಿದ್ದರೆ, ತೊಂದರೆ ಭಿನ್ನರಾಶಿಗಿಂತ ಹಿಂದಿದೆ. ಆಗ ಈ ಹಾಳೆಯನ್ನು ಪಕ್ಕಕ್ಕಿಟ್ಟು ಎಣಿಕೆಗೆ ಹೋಗಬೇಕು.

ಅವನ ಹಾಳೆ

ಬೇಗ ಮುಗಿಸಿದವನಿಗೆ ಇನ್ನೂ 12 ಲೆಕ್ಕ ಕೊಡುವುದು ಶಿಕ್ಷೆ. ಮುಂದಿನ ಸಲ ಅವನು ಬೇಕೆಂದೇ ನಿಧಾನ ಮಾಡುತ್ತಾನೆ. ಮೊದಲು ಬೇಗ ಹೇಗೆ ಮುಗಿಸಿದ ಎಂದು ನೋಡಿ. ಟ್ಯೂಷನ್‌ನಲ್ಲಿ ಕಲಿತ ಅಡ್ಡ ಗುಣಾಕಾರದಲ್ಲಿ ಮುಗಿಸಿದ್ದರೆ ಅರ್ಥವಾಗಿದೆ ಎಂದೇನೂ ಅಲ್ಲ. ಅವನಿಗೂ ಅದೇ ನಾಲ್ಕು ಜೋಡಿ ಕೊಟ್ಟು, ಗುಣಿಸದೇ ಕಾರಣ ಬರೆ ಅನ್ನಿ.

ನಂತರ ಹಾಳೆಯ ಹಿಂಬದಿಗೆ ಒಂದೇ ಪ್ರಶ್ನೆ: "1/4 ಮತ್ತು 1/2ರ ನಡುವಿನ ಒಂದು ಭಿನ್ನರಾಶಿ ಬೇಕು. ಒಬ್ಬ ಮೇಲಿನವನ್ನು ಕೂಡಿದ, ಕೆಳಗಿನವನ್ನೂ ಕೂಡಿದ. 2/6 ಬಂತು, ಅಂದರೆ 1/3. ಅದು ನಡುವೆ ಇದೆಯೇ? ಬೇರೆ ಜೋಡಿಗೂ ಹೀಗೇ ಬರುತ್ತದೆಯೇ?"

ಬರುತ್ತದೆ. 1/2 ಮತ್ತು 3/4ಕ್ಕೆ ಮಾಡಿದರೆ 4/6, ಅಂದರೆ 2/3. ಅದೂ ನಡುವೆಯೇ. ಅವನು ಐದಾರು ಜೋಡಿ ನೋಡಿ "ಯಾವಾಗಲೂ ಬರುತ್ತೆ" ಅನ್ನುತ್ತಾನೆ. ಆಗ "ಯಾಕೆ?" ಎಂದು ಕೇಳಿ. ಸಿಕ್ಕಿಬಿದ್ದರೆ ಇಷ್ಟು ಸುಳಿವು ಸಾಕು: ಒಂದು ಕಡೆ 4 ಜನಕ್ಕೆ 1 ರೊಟ್ಟಿ, ಇನ್ನೊಂದು ಕಡೆ 2 ಜನಕ್ಕೆ 1 ರೊಟ್ಟಿ. ಎರಡೂ ಪಂಕ್ತಿ ಸೇರಿಸಿ ಸಮನಾಗಿ ಹಂಚಿದರೆ 6 ಜನಕ್ಕೆ 2 ರೊಟ್ಟಿ. ಮೊದಲಿನವರಿಗೆ ಪಾಲು ಹೆಚ್ಚುತ್ತದೆ, ಎರಡನೆಯವರಿಗೆ ಇಳಿಯುತ್ತದೆ.

ಇಲ್ಲೊಂದು ಅಪಾಯವಿದೆ. ಇದೇ ಭಿನ್ನರಾಶಿ ಕೂಡುವ ವಿಧಾನ ಎಂದು ಅವನು ತಿಳಿದುಬಿಡಬಹುದು. ಹಾಗಾಗಿ ಕೊನೆಯಲ್ಲಿ ಕೇಳಿ: "1/4 ಮತ್ತು 1/2 ಕೂಡಿದರೆ 2/6 ಅನ್ನಬಹುದಾ?" 2/6 ಎಂಬುದು 1/2ಕ್ಕಿಂತಲೂ ಚಿಕ್ಕದು. ಕೂಡಿದ ಮೇಲೆ ಇದ್ದದ್ದಕ್ಕಿಂತ ಕಡಿಮೆಯಾಗಲು ಹೇಗೆ ಸಾಧ್ಯ ಎಂದು ಅವನೇ ಹುಡುಕಲಿ.

ತರಗತಿಯಲ್ಲಿ

ಎಲ್ಲ ಹಾಳೆಗೂ ತಲೆಬರಹ ಒಂದೇ ಇರಲಿ. "ಸುಲಭ", "ಕಠಿಣ" ಎಂದು ಮೇಲೆ ಬರೆಯಬೇಡಿ, ಮಕ್ಕಳು ಅದನ್ನೇ ಮೊದಲು ಓದುತ್ತಾರೆ. ಪಟ್ಟಿಗಳನ್ನು ಮೇಜಿನ ಮೇಲೆ ಎಲ್ಲರಿಗೂ ಸಿಗುವಂತೆ ಇಡಿ. ಹುಡುಗನನ್ನು ಅವಳಿಗೆ ಕಲಿಸಲು ಕೂರಿಸಬೇಡಿ, ಅವನು ಉತ್ತರವನ್ನೇ ಹೇಳಿಬಿಡುತ್ತಾನೆ.

ಪಿರಿಯಡ್‌ನ ಕೊನೆಗೆ 1/4 ಮತ್ತು 3/8ನ್ನು ಬೋರ್ಡಿನ ಮೇಲೆ ಬರೆಯಿರಿ. ಇದು ಎಲ್ಲರ ಹಾಳೆಯಲ್ಲೂ ಇದೆ. ಅವಳು ಪಟ್ಟಿ ಹಿಡಿದು ತೋರಿಸಲಿ, ಅವನು 1/4ನ್ನು 2/8 ಮಾಡಿ ಹೇಳಲಿ. ಅಂಕ ಕೊಡುವುದಾದರೆ ಅವಳಿಗೆ ನಾಲ್ಕಕ್ಕೆ ಎಷ್ಟು ಎಂದೇ ಲೆಕ್ಕ, ಹನ್ನೆರಡಕ್ಕಲ್ಲ. ಯಾರು ಯಾವ ಜೋಡಿಯಲ್ಲಿ ತಪ್ಪಿದರು ಎಂದು ನಿಮ್ಮ ಡೈರಿಯಲ್ಲಿ ಒಂದು ಸಾಲು ಬರೆದಿಟ್ಟುಕೊಳ್ಳಿ, ಮುಂದಿನ ಹಾಳೆಗೆ ಜೋಡಿ ಆರಿಸಲು ಅದೇ ಬೇಕಾಗುತ್ತದೆ.