ಮೂರು ಬಾಗಿಲು, ಒಂದೇ ಹಜಾರ: ಬೊಮ್ ಜೀಸಸ್ ಇಗರ್ಜಿಯನ್ನು ಅಳೆದ ಅನುಭವ

ಹಳೆ ಗೋವಾದ ಬೊಮ್ ಜೀಸಸ್ ಇಗರ್ಜಿಯ ನಕ್ಷೆಯನ್ನು ನಾನು ಮೊದಲು ತಪ್ಪಾಗಿ ಬರೆದಿದ್ದೆ. ಹೊರಗೆ ನಿಂತು ಮುಖ ನೋಡಿದೆ. ಮೂರು ಬಾಗಿಲು, ಅದರ ಮೇಲೆ ಮೂರು ಕಿಟಕಿ, ಅದರ ಮೇಲೆ ಮೂರು ದುಂಡು ಕಿಟಕಿ. ಸರಿ, ಒಳಗೂ ಮೂರು ಭಾಗ ಇರುತ್ತದೆ, ನಡುವೆ ದೊಡ್ಡ ಹಜಾರ, ಎರಡೂ ಪಕ್ಕ ಕಂಬದ ಸಾಲು ಅಂದುಕೊಂಡು ಪೆನ್ಸಿಲ್‌ನಲ್ಲಿ ಎರಡು ಉದ್ದ ಚುಕ್ಕೆಗೆರೆ ಎಳೆದೇ ಒಳಗೆ ಹೋದೆ. ಹೋಗಿ ನೋಡಿದರೆ ಕಂಬದ ಸಾಲೇ ಇಲ್ಲ! ಗೋಡೆಯಿಂದ ಗೋಡೆಗೆ ಒಂದೇ ಹಜಾರ.

ನಾನು ಹಳೇ ಕಟ್ಟಡಗಳನ್ನು ಅಳೆದು ನಕ್ಷೆ ಬರೆಯುವ ಕೆಲಸದವನು. ಊರು ಕುಮಟಾ ಕಡೆ. ಆ ಸಲ ದೊಡ್ಡಪ್ಪನನ್ನೂ ಜೊತೆಗೆ ಕರೆದುಕೊಂಡು ಹೋಗಿದ್ದೆ. ಅವರು ನಲವತ್ತು ವರ್ಷ ಚಿರೆಕಲ್ಲಿನ ಗೋಡೆ ಕಟ್ಟಿದವರು. ಟೇಪಿನ ಇನ್ನೊಂದು ತುದಿ ಹಿಡಿಯಲು ಜನ ಬೇಕಿತ್ತು, ಅಷ್ಟೇ ನನ್ನ ಲೆಕ್ಕ. ಆದರೆ ಕಟ್ಟಡವನ್ನು ಓದಿದ್ದು ನನಗಿಂತ ಅವರೇ ಜಾಸ್ತಿ.

ಒಂದೇ ಹಜಾರ ಯಾಕೆ ಅನ್ನೋದಕ್ಕೆ ಕಾರಣ ಇದೆ. ಇದು ಜೆಸ್ವಿಟ್ ಪಾದ್ರಿಗಳು ಕಟ್ಟಿಸಿದ ಇಗರ್ಜಿ. 1594ರಲ್ಲಿ ಅಡಿಗಲ್ಲು ಹಾಕಿ 1605ರಲ್ಲಿ ಪ್ರತಿಷ್ಠೆ ಮಾಡಿದರು. ಬಾಗಿಲಿನ ಒಳಗಡೆ, ಹಾಡುವವರ ಅಟ್ಟವನ್ನು ಹೊತ್ತ ಕಂಬಗಳ ಮೇಲೆ ಈ ತಾರೀಕುಗಳನ್ನು ಕೆತ್ತಿದ್ದಾರೆ. ಜೆಸ್ವಿಟರಿಗೆ ಪ್ರವಚನ ಮುಖ್ಯ. ಎಲ್ಲಿ ಕೂತವರಿಗೂ ಪ್ರವಚನ ಪೀಠ ಕಾಣಬೇಕು, ಮಾತು ಕೇಳಬೇಕು. ನಡುವೆ ಕಂಬ ಬಂದರೆ ಅದು ಆಗುವುದಿಲ್ಲ. ರೋಮ್‌ನಲ್ಲಿರುವ ಅವರ ತಾಯಿ ಇಗರ್ಜಿ ಜೆಸು ಕೂಡ ಒಂದೇ ಹಜಾರದ್ದು. ಅಲ್ಲಿ ಹಜಾರದ ಎರಡೂ ಪಕ್ಕ ಚಾಪೆಲ್‌ಗಳ ಸಾಲಿದೆ, ಮೇಲೆ ದೊಡ್ಡ ಗುಮ್ಮಟ ಇದೆ. ಬೊಮ್ ಜೀಸಸ್‌ನಲ್ಲಿ ಆ ಸಾಲೂ ಇಲ್ಲ, ಗುಮ್ಮಟವೂ ಇಲ್ಲ. ಆದರೆ ರಸ್ತೆ ದಾಟಿ ಎದುರಿನ ಸೆ ಕೆಥೆಡ್ರಲ್‌ಗೆ ಹೋಗಿ ನೋಡಿ. ಅಲ್ಲೂ ಮೂರು ಬಾಗಿಲು, ಒಳಗೂ ನಿಜವಾಗಿ ಮೂರು ಭಾಗ. ನನ್ನ ಊಹೆ ಅಲ್ಲಿ ಸರಿಯಾಗುತ್ತಿತ್ತು. ಇಲ್ಲಿ ಮೂರು ಬಾಗಿಲು ಮುಖದ ಚೆಂದಕ್ಕೆ ಬಂದದ್ದು, ಒಳಗಿನ ಹಂಚಿಕೆಯಿಂದ ಹುಟ್ಟಿದ್ದಲ್ಲ.

ಚುಕ್ಕೆಗೆರೆ ಅಳಿಸಿ ಹೊಸದಾಗಿ ಶುರು ಮಾಡಿದೆ. ಉದ್ದ 55.77 ಮೀಟರ್, ಅಗಲ 16.76, ಎತ್ತರ 18.59 ಎಂದು ಪ್ರಕಟವಾದ ಅಳತೆ ಇದೆ. ಅಂದರೆ ಅಗಲದ ಮೂರು ಪಟ್ಟಿಗಿಂತ ಸ್ವಲ್ಪ ಜಾಸ್ತಿ ಉದ್ದ. ಬಲಿಪೀಠದ ಹತ್ತಿರ ಎರಡೂ ಪಕ್ಕ ತೋಳುಗಳು ಚಾಚಿ, ನೆಲದ ನಕ್ಷೆ ಶಿಲುಬೆಯ ಆಕಾರಕ್ಕೆ ಬರುತ್ತದೆ. ದಕ್ಷಿಣದ ತೋಳಿನಲ್ಲಿ ಸಂತ ಫ್ರಾನ್ಸಿಸ್ ಕ್ಸೇವಿಯರ್ ಸಮಾಧಿ. ಗಂಟೆಗೋಪುರ ಮುಂದೆ ಇಲ್ಲ, ಹಿಂದೆ ಬಲಿಪೀಠದ ಕಡೆ ಇದೆ. ಹಾಗಾಗಿ ಮುಂದಿನಿಂದ ನೋಡುವವರಿಗೆ ಬರೀ ಮುಖವೇ ಕಾಣುತ್ತದೆ.

ಆ ಮುಖವನ್ನು ಅಳೆಯುವುದೇ ಕಷ್ಟದ ಕೆಲಸ. ಕ್ಯಾಮೆರಾ ಸ್ಟ್ಯಾಂಡ್ ಇಡಲು ಅನುಮತಿ ಪತ್ರ ಬೇಕಿತ್ತು. ನನ್ನ ಪತ್ರ ಬಂದಿರಲಿಲ್ಲ. ಕೈಯಲ್ಲೇ ಹಿಡಿದು ಫೋಟೋ ತೆಗೆದೆ. ಕೆಳಗಿನಿಂದ ತೆಗೆದ ಫೋಟೋದಲ್ಲಿ ಮೇಲಿನ ಅಂತಸ್ತು ಕುಗ್ಗಿ ಬರುತ್ತದೆ, ಅದನ್ನೇ ನೋಡಿ ಗೆರೆ ಎಳೆದರೆ ದುಂಡು ಕಿಟಕಿ ಮೊಟ್ಟೆ ಆಗುತ್ತದೆ. ಹಾಗಾಗಿ ಎತ್ತರವನ್ನು ಬೇರೆ ದಾರಿಯಲ್ಲಿ ತೆಗೆಯಬೇಕು. ನಾನು ಮುಖದಿಂದ 30 ಮೀಟರ್ ದೂರದಲ್ಲಿ ನಿಂತೆ. ಕೋನಮಾಪಕದಲ್ಲಿ ನೆತ್ತಿಯನ್ನು ನೋಡಿದಾಗ 36 ಡಿಗ್ರಿ ಬಂತು. 36 ಡಿಗ್ರಿಯ ಟ್ಯಾನ್ 0.7265. ಅದನ್ನು 30ರಿಂದ ಗುಣಿಸಿದರೆ 21.8 ಮೀಟರ್. ನನ್ನ ಕಣ್ಣಿನ ಎತ್ತರ 1.6 ಸೇರಿಸಿದರೆ 23.4. ಪ್ರಕಟವಾದ ಅಳತೆ 23.77. ಸುಮಾರು ಮೂವತ್ತೇಳು ಸೆಂಟಿಮೀಟರ್ ಕಡಿಮೆ! ಟೇಪು ಜೋತಿತ್ತೋ ಅಂತ ಮತ್ತೆ ಎಳೆದು ನೋಡಿದೆವು, ಸರಿಯಾಗಿತ್ತು. ತಪ್ಪು ಕೋನದ್ದು. ಈ ದೂರದಲ್ಲಿ ಅರ್ಧ ಡಿಗ್ರಿ ಆಚೀಚೆ ಆದರೆ ನಲವತ್ತು ಸೆಂಟಿಮೀಟರ್ ಹೋಗುತ್ತದೆ. 36.5 ಇಟ್ಟು ಲೆಕ್ಕ ಹಾಕಿದರೆ 23.8 ಬರುತ್ತದೆ. ಕೈಯಲ್ಲಿ ಹಿಡಿದ ಉಪಕರಣವನ್ನು ಅರ್ಧ ಡಿಗ್ರಿಯಷ್ಟು ನಂಬಲಾಗದು. ಆಮೇಲಿಂದ ನಾನು ಎರಡು ಬೇರೆ ದೂರದಿಂದ ಕೋನ ತೆಗೆದು, ಎರಡೂ ಉತ್ತರ ಹೊಂದಿದರೆ ಮಾತ್ರ ಬರೆದುಕೊಳ್ಳುತ್ತೇನೆ.

ಈ ಎತ್ತರ ಸಿಕ್ಕಿದ ಮೇಲೆ ಒಂದು ವಿಷಯ ಹೊಳೆಯಿತು. ಮುಖದ ಅಗಲ 22.86 ಮೀಟರ್, ಎತ್ತರ 23.77. ಹೆಚ್ಚುಕಡಿಮೆ ಚೌಕ. ಹಜಾರದ ಎತ್ತರ 18.59. ಅಂದರೆ ಮುಖ ಐದು ಮೀಟರ್‌ಗಿಂತ ಜಾಸ್ತಿ ಮೇಲೆ ಹೋಗಿದೆ. 'IHS' ಎಂದು ಯೇಸುವಿನ ಹೆಸರಿನ ಅಕ್ಷರ ಕೆತ್ತಿದ ನೆತ್ತಿಯ ಭಾಗ ಇದೆಯಲ್ಲ, ಅದರ ಹಿಂದೆ ಕೋಣೆ ಇಲ್ಲ, ಆಕಾಶ. ಯಕ್ಷಗಾನದ ಕಿರೀಟದ ಹಾಗೆ, ತಲೆಗಿಂತ ದೊಡ್ಡದು. ಸುಮ್ನೆ ಪಕ್ಕಕ್ಕೆ ಹೋಗಿ ನಿಂತರೆ ಇದು ಗೊತ್ತಾಗುತ್ತದೆ. ನಾನು ಮೊದಲು ಪಕ್ಕಕ್ಕೆ ಹೋಗಿರಲಿಲ್ಲ.

ರೋಮ್‌ನ ಜೆಸುವಿನ ಮುಖದಲ್ಲಿ ಎರಡೇ ಅಂತಸ್ತು. ಕೆಳಗಿನದು ಅಗಲ, ಮೇಲಿನದು ಕಿರಿದು, ಎರಡನ್ನೂ ಜೋಡಿಸಲು ಬದಿಯಲ್ಲಿ ದೊಡ್ಡ ಸುರುಳಿ. ಹಜಾರ ಎತ್ತರ, ಪಕ್ಕದ ಚಾಪೆಲ್‌ಗಳು ತಗ್ಗು, ಹಾಗಾಗಿ ಮುಖದ ಆಕಾರವೂ ಹಾಗೆ. ಗೋವಾದಲ್ಲಿ ಮೂರು ಅಂತಸ್ತು ಒಂದೇ ಅಗಲದಲ್ಲಿ ನೇರ ಮೇಲೆ ಹೋಗುತ್ತದೆ, ಸುರುಳಿ ನೆತ್ತಿಗೆ ಸೇರಿಬಿಟ್ಟಿದೆ. ಪಕ್ಕದಲ್ಲಿ ತಗ್ಗು ಚಾವಣಿಯೇ ಇಲ್ಲದ ಮೇಲೆ ಕೆಳಗೆ ಸುರುಳಿಗೆ ಕೆಲಸವೇನು?

ಈಗ ಕಲ್ಲಿನ ವಿಷಯ. ದೊಡ್ಡಪ್ಪ ಮೊದಲ ದಿನವೇ ಗೋಡೆಗೆ ಕೈ ಇಟ್ಟು, "ತಮಾ, ಇದು ನಮ್ಮ ಚಿರೆಕಲ್ಲೇ. ಇದಕ್ಕೆ ಅಂಗಿ ಯಾಕೆ ಇಲ್ಲ?" ಎಂದು ಕೇಳಿದರು. ಅಂಗಿ ಅಂದರೆ ಸುಣ್ಣದ ಗಾರೆ. ಕರಾವಳಿಯಲ್ಲಿ ಮನೆ ಕಟ್ಟಿದವರಿಗೆ ಇದು ಗೊತ್ತು. ಚಿರೆಕಲ್ಲು ಗಣಿಯಿಂದ ತೆಗೆಯುವಾಗ ಮೆತ್ತಗೆ, ಗಾಳಿಗೆ ಬಿಟ್ಟರೆ ಗಟ್ಟಿಯಾಗುತ್ತದೆ. ಆದರೆ ಮೈ ತುಂಬಾ ತೂತು. ನೀರು ಕುಡಿಯುತ್ತದೆ. ಬೊಮ್ ಜೀಸಸ್‌ನ ಪಕ್ಕದ ಗೋಡೆಗಳಿಗೂ ಮೊದಲು ಗಾರೆ ಇತ್ತು. 1950ರ ದಶಕದ ಆಸುಪಾಸಿನಲ್ಲಿ, ಪೋರ್ಚುಗೀಸರ ಆಳ್ವಿಕೆಯಲ್ಲೇ, ಅದನ್ನು ಕಿತ್ತರು. ಈಗ ಎಲ್ಲರೂ ಫೋಟೋ ತೆಗೆಯುವ ಆ ಕೆಂಪು ಬಣ್ಣ ಕಟ್ಟಿದವರು ತೋರಿಸಬೇಕೆಂದುಕೊಂಡದ್ದಲ್ಲ. ನನ್ನ ಮಟ್ಟಿಗೆ ಅದು ಕೆಟ್ಟ ಕೆಲಸ. ಚೆಂದ ಕಾಣುತ್ತದೆ, ನಿಜ. ಆದರೆ ಪ್ರತಿ ಮಳೆಗಾಲವೂ ಕಲ್ಲನ್ನು ಸ್ವಲ್ಪ ಸ್ವಲ್ಪ ತಿನ್ನುತ್ತದೆ.

ಎರಡನೇ ದಿನ ಮಧ್ಯಾಹ್ನ ಒಂದು ಮಳೆ ಬಂತು. ನಿಂತ ಮೇಲೆ ಹೊರಗೆ ಬಂದು ಮುಖ ನೋಡಿದೆವು. ಅರೆಕಂಬಗಳು, ಬಾಗಿಲ ಚೌಕಟ್ಟು, ಕಿಟಕಿಯ ಅಂಚು ಬೇಗ ಒಣಗಿದವು. ಅವುಗಳ ನಡುವಿನ ಚಿರೆಕಲ್ಲು ಸಂಜೆಯವರೆಗೂ ಒದ್ದೆಯಾಗಿ ಕಪ್ಪಗೇ ಇತ್ತು. ಒಣಗಿದ್ದೆಲ್ಲ ಬಸಾಲ್ಟ್, ಉತ್ತರದ ವಸೈಯಿಂದ ತರಿಸಿದ ಕರಿಕಲ್ಲು. ಮುಖ ಪಡುವಣಕ್ಕಿದೆ, ಮಳೆ ಹೊಡೆಯುವ ಕಡೆಗೇ. ಮಳೆಯಲ್ಲಿ ಕಲ್ಲೇ ತನ್ನ ನಕ್ಷೆಯನ್ನು ತೋರಿಸಿತು. ಯಾವುದು ಯಾವ ಕಲ್ಲು ಎಂದು ಗುರುತಿಸಲು ಇದಕ್ಕಿಂತ ಸುಲಭದ ದಾರಿ ನನಗೆ ಗೊತ್ತಿಲ್ಲ.

ಯಾಕೆ ಎರಡು ಕಲ್ಲು ಅಂದರೆ, ಚಿರೆಕಲ್ಲಿನಲ್ಲಿ ಕೊರಿಂಥಿಯನ್ ಕಂಬದ ಎಲೆ ಕೆತ್ತಲು ಆಗುವುದಿಲ್ಲ. ಉಳಿ ಇಟ್ಟರೆ ಅಂಚು ಉದುರುತ್ತದೆ. ನಾನು ಮೂಲೆಯೊಂದನ್ನು ಬೆರಳಲ್ಲಿ ಸವರಿದೆ, ಕೆಂಪು ಪುಡಿ ಬಂತು. ಪಕ್ಕದ ಬಸಾಲ್ಟ್ ಅಂಚು ನಾನೂರು ವರ್ಷದ ಮೇಲೂ ಬೆರಳಿಗೆ ಚುರುಕಾಗಿ ತಾಗಿತು. ಯುರೋಪಿನ ರೂಪಕ್ಕೆ ಬೇಕಾದ ಚೂಪು ಗೆರೆಗೆ ದೂರದ ಕಲ್ಲು, ಗೋಡೆಯ ಗಾತ್ರಕ್ಕೆ ಊರಿನ ಕಲ್ಲು. ದುಬಾರಿ ಕಲ್ಲು ಎಲ್ಲಿ ಬೇಕೋ ಅಲ್ಲಿ ಮಾತ್ರ. ಆದರೆ ಕೆತ್ತನೆ ಆಳವಾಗಿ ಹೋಗಿಲ್ಲ. ಮೈ ಮೇಲೆ ಹರಡಿದ ಹಾಗಿದೆ. ಯುರೋಪಿನಿಂದ ಬಂದ ಅಚ್ಚಿನ ಚಿತ್ರಗಳನ್ನು ಮುಂದಿಟ್ಟುಕೊಂಡು ಕೆಲಸ ಮಾಡುವುದು ಆ ಕಾಲದಲ್ಲಿ ಸಾಮಾನ್ಯವಾಗಿತ್ತು. ಕಾಗದದಲ್ಲಿ ನೆರಳು ಎಷ್ಟು ಆಳ ಎಂದು ತಿಳಿಯುವುದಿಲ್ಲವಲ್ಲ. ಈ ಚಪ್ಪಟೆತನ ಅಲ್ಲಿಂದಲೇ ಬಂದಿರಬೇಕು ಅಂತ ನನ್ನ ಅನಿಸಿಕೆ.

ಮರದಲ್ಲಿ ಮಾತ್ರ ಊರಿನವರ ಕೈ ಬಿಚ್ಚಿದೆ. ಹಜಾರದ ಗೋಡೆಗಿರುವ ಪ್ರವಚನ ಪೀಠವನ್ನು ನಾನು ಅರ್ಧ ದಿನ ಬರೆದೆ. ಬದಿಗಳಲ್ಲಿ ಯೇಸು, ನಾಲ್ವರು ಸುವಾರ್ತೆಗಾರರು, ಚರ್ಚಿನ ನಾಲ್ವರು ಹಿರಿಯ ಪಂಡಿತರು. ಇದು ಪಾದ್ರಿಗಳು ಹೇಳಿ ಮಾಡಿಸಿದ್ದು. ಕೆಳಗಡೆ ಏಳು ಆಕೃತಿಗಳು ಇಡೀ ಪೀಠದ ಭಾರ ಹೊತ್ತ ಹಾಗೆ ನಿಂತಿವೆ. ದೊಡ್ಡಪ್ಪ ಬಗ್ಗಿ ನೋಡಿ, "ನಮ್ಮ ತೇರಿನ ಅಡಿಯ ಬೊಂಬೆ ಹಾಗೇ ಇದೆ ನೋಡು" ಅಂದರು. ಭಾರ ಹೊರುವ ಬೊಂಬೆ ಯುರೋಪಿನಲ್ಲೂ ಇತ್ತು, ಆದ್ದರಿಂದ ಇದು ತೇರಿನಿಂದಲೇ ಬಂತು ಎಂದು ನಾನು ಹೇಳಲಾರೆ. ಆದರೆ ತೇರು ಕೆತ್ತಿದ ಕೈಗೆ ಇದು ಹೊಸದಾಗಿ ಕಲಿಯಬೇಕಾದ ಕೆಲಸವೇನೂ ಆಗಿರಲಿಲ್ಲ, ಅಲ್ವಾ? ಹಿಂದೂ ಕುಶಲಕರ್ಮಿಗಳು ಕ್ರೈಸ್ತ ಪೂಜಾ ವಸ್ತು ಮಾಡಬಾರದು ಎಂದು 1567ರ ಗೋವಾ ಧರ್ಮಸಭೆ ನಿಷೇಧಿಸಿತ್ತು. ಆದರೂ ಅವರ ಕೈಯಲ್ಲೇ ಕೆಲಸ ನಡೆಯುತ್ತಿತ್ತು, ಬೇರೆ ಕೈಗಳು ಅಷ್ಟು ಇರಲಿಲ್ಲ.

ಸಮಾಧಿಯಲ್ಲಿ ಎರಡೂ ಲೋಕ ಒಂದರ ಮೇಲೊಂದು ಕೂತಿವೆ. ಮೇಲಿನ ಬೆಳ್ಳಿ ಪೆಟ್ಟಿಗೆ ಗೋವಾದ ಅಕ್ಕಸಾಲಿಗರದ್ದು, 1637ರ ಹೊತ್ತಿಗೆ ಮುಗಿದದ್ದು. ಅದರ ಸುತ್ತ ಸಂತನ ಬದುಕಿನ 32 ದೃಶ್ಯ. ಕೆಳಗಿನ ಅಮೃತಶಿಲೆಯ ಪೀಠ ಫ್ಲಾರೆನ್ಸಿನಿಂದ ಬಂದದ್ದು, ಶಿಲ್ಪಿ ಫೊಗ್ಗಿನಿ ಮಾಡಿದ್ದು, 1698ರಲ್ಲಿ ಇಲ್ಲಿ ಜೋಡಿಸಿದ್ದು. ಅಂದರೆ ಯುರೋಪಿನ ಪೀಠ ಆಮೇಲೆ ಬಂತು, ಊರಿನ ಪೆಟ್ಟಿಗೆಯ ಕೆಳಗೆ.

ಕೊನೆಯ ರಾತ್ರಿ ಕೋಣೆಯಲ್ಲಿ ಕೂತು ಮುಖದ ನಕ್ಷೆಯ ಮೇಲೆ ಹಜಾರದ ಅಡ್ಡಸೀಳಿನ ನಕ್ಷೆ ಇಟ್ಟು ದೀಪಕ್ಕೆ ಹಿಡಿದೆ. ಮೇಲಿನ ಐದು ಮೀಟರ್ ಖಾಲಿ. ದೊಡ್ಡಪ್ಪ ಕನ್ನಡಕ ಏರಿಸಿ ನೋಡಿದರು.

"ಚಾವಣಿ ಆ ಗೋಡೆಗೆ ಹೋಗಿ ತಾಗುವಲ್ಲಿ ಏನು ಮಾಡಿದ್ದಾರೆ?"

"ನೀರು ಎರಡು ಬದಿಗೆ ಇಳಿದು ಹೋಗ್ತದೆ ದೊಡ್ಡಪ್ಪ, ಇಳಿಜಾರು ಉತ್ತರ ದಕ್ಷಿಣಕ್ಕಿದೆ."

"ಚಾವಣಿ ಮೇಲೆ ಬಿದ್ದ ನೀರಿನ ಮಾತಾಯ್ತು. ಗೋಡೆಯ ಬೆನ್ನಿಗೆ ಹೊಡೆದು ಇಳಿಯುವ ನೀರು? ಆ ಸಂದಿಗೆ ಗಾರೆ ತುಂಬಿ ಮೇಲೆ ಒಂದು ಕಲ್ಲು ಚಾಚಬೇಕು."

ಆ ಸಂದಿಯನ್ನು ನಾನು ಅಳೆದೇ ಇರಲಿಲ್ಲ. ಬೆಳಗಿನ ಬಸ್ಸಿಗೆ ಟಿಕೆಟ್ ಆಗಿತ್ತು.